ಗಂಡ-ಹೆಂಡತಿ ನಡುವೆ ಲೆಕ್ಕ ಯಾಕೆ? ಜೊತೆಯಾಗಿ ವ್ಯಾಪಾರ ಶುರುಮಾಡುವವರು ತಪ್ಪುವುದು ಎಲ್ಲಿ

1981ರಲ್ಲಿ ಇನ್ಫೋಸಿಸ್ ಶುರುವಾದಾಗ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಹತ್ತು ಸಾವಿರ ರೂಪಾಯಿ ಕೊಟ್ಟ ಕತೆ ಕನ್ನಡಿಗರಿಗೆಲ್ಲ ಗೊತ್ತು. ಅದರ ಇನ್ನರ್ಧ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಗಂಡ-ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಇರಬಾರದು ಎಂದು ನಾರಾಯಣ ಮೂರ್ತಿ ಹೇಳಿದರು, ಸುಧಾ ಅವರು ಹೊರಗೆ ಉಳಿದರು. ಮುಂದೆ ಹಲವು ವರ್ಷಗಳ ನಂತರ ಮೂರ್ತಿಯವರೇ ಆ ನಿಲುವು ತಪ್ಪಾಗಿತ್ತು ಎಂದು ಸಂದರ್ಶನದಲ್ಲಿ ಒಪ್ಪಿಕೊಂಡರು.

ಇಬ್ಬರೂ ಒಟ್ಟಿಗೆ ಇದ್ದರೆ ಮನೆ ಕೆಡುತ್ತದೆ ಎಂಬುದು ಒಂದು ನಂಬಿಕೆ. ಅದರ ತದ್ವಿರುದ್ಧವಾದ ಇನ್ನೊಂದು ನಂಬಿಕೆ ಇದೆ, ಸಣ್ಣ ವ್ಯಾಪಾರ ಮಾಡುವವರಲ್ಲಿ ಅದೇ ಹೆಚ್ಚು: "ಗಂಡ-ಹೆಂಡತಿ ನಡುವೆ ಲೆಕ್ಕ ಯಾಕೆ? ಎಲ್ಲ ಒಂದೇ ಮನೆ ದುಡ್ಡು ತಾನೇ?" ಎರಡನೆಯದನ್ನು ಪರೀಕ್ಷೆ ಮಾಡಿ ನೋಡೋಣ. ಕೇಳಲು ಇದು ಪ್ರೀತಿಯ ಮಾತು. ಆದರೆ ನಮ್ಮ ನೆನಪು ಕೆಲಸ ಮಾಡುವ ರೀತಿ, ದುಡ್ಡಿನ ಲೆಕ್ಕ ಮತ್ತು ನಮ್ಮ ದೇಶದ ಕಾನೂನು ಮೂರೂ ಇದಕ್ಕೆ ವಿರುದ್ಧವಾಗಿವೆ.

ಮೊದಲು ನೆನಪಿನ ವಿಷಯ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೊರ್ ಸಿಕೋಲಿ ಎಂಬ ಮನೋವಿಜ್ಞಾನಿಗಳು ಕೆನಡಾದಲ್ಲಿ ದಂಪತಿಗಳ ಮೇಲೆ ಒಂದು ಅಧ್ಯಯನ ಮಾಡಿದರು. ತಿಂಡಿ ಮಾಡುವುದು, ಪಾತ್ರೆ ತೊಳೆಯುವುದು ಮುಂತಾದ ಇಪ್ಪತ್ತು ವಿಷಯಗಳನ್ನು ಕೊಟ್ಟು, ಇದರಲ್ಲಿ ನಿಮ್ಮ ಪಾಲು ಎಷ್ಟು ಎಂದು ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳಿದರು. ಇಬ್ಬರ ಉತ್ತರವನ್ನು ಕೂಡಿಸಿದರೆ ನೂರು ಬರಬೇಕಲ್ಲವೇ? ಬಹುತೇಕ ವಿಷಯಗಳಲ್ಲಿ ಮೊತ್ತ ನೂರು ದಾಟಿತು. ಇದು ಬರೀ ಬಡಾಯಿ ಎನ್ನುವಂತಿಲ್ಲ. ಏಕೆಂದರೆ ಜಗಳಕ್ಕೆ ಕಾರಣವಾಗುವುದರಂಥ ಒಳ್ಳೆಯದಲ್ಲದ ವಿಷಯದಲ್ಲಿಯೂ ಜನ ತಮ್ಮ ಪಾಲನ್ನು ಹೆಚ್ಚಾಗಿಯೇ ಹೇಳಿಕೊಂಡರು. ನಾವು ಮಾಡಿದ ಕೆಲಸ ನಮ್ಮ ಕಣ್ಣೆದುರೇ ನಡೆದಿರುತ್ತದೆ, ಅದರ ಬೆವರು ನೆನಪಿರುತ್ತದೆ. ಇನ್ನೊಬ್ಬರು ಮಾಡಿದ್ದರಲ್ಲಿ ನಮಗೆ ಕಾಣುವುದು ಮುಗಿದ ಕೆಲಸ ಮಾತ್ರ.

ಮನೆಗೆಲಸದಲ್ಲಿ ಈ ವ್ಯತ್ಯಾಸ ಒಂದು ಗೊಣಗಾಟದಲ್ಲಿ ಮುಗಿಯುತ್ತದೆ. ವ್ಯಾಪಾರದಲ್ಲಿ ಹಾಗಲ್ಲ. ಅಲ್ಲಿ ಪಾಲು ಎಂದರೆ ದುಡ್ಡು. "ಅರ್ಧ ಅರ್ಧ" ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡ ಇಬ್ಬರೂ, ತಾವು ಅರವತ್ತು ದುಡಿದು ಐವತ್ತು ಪಡೆಯುತ್ತಿದ್ದೇವೆ ಎಂದು ಪ್ರಾಮಾಣಿಕವಾಗಿಯೇ ನಂಬಿರಬಹುದು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಆದರೂ ಲೆಕ್ಕ ತಾಳೆಯಾಗುವುದಿಲ್ಲ.

ಹಾಗಾದರೆ ಮೊದಲ ದಿನವೇ ಒಂದು ಪಟ್ಟಿ ಮಾಡಿ ಕೆಲಸ ಹಂಚಿಬಿಟ್ಟರೆ ಆಯಿತಲ್ಲ? ಅಲ್ಲೂ ಒಂದು ಕೊಕ್ಕೆ ಇದೆ. ಬಹಳ ದಿನ ಜೊತೆಗಿದ್ದವರು ನೆನಪನ್ನೂ ಹಂಚಿಕೊಂಡಿರುತ್ತಾರೆ. ಗ್ಯಾಸ್ ಬುಕ್ ಮಾಡಿದ ದಿನ ಒಬ್ಬರಿಗೆ ನೆನಪು, ಎಲ್‌ಐಸಿ ಕಂತಿನ ದಿನ ಇನ್ನೊಬ್ಬರಿಗೆ. ಯಾರೂ ಕೂತು ಹಂಚಿದ್ದಲ್ಲ, ತಾನಾಗಿ ಆದದ್ದು. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜೋಡಿಗಳಿಗೆ ವಿಷಯಗಳನ್ನು ನೆನಪಿಡುವ ಕೆಲಸ ಕೊಟ್ಟರು. ಅವರ ಪಾಡಿಗೆ ಬಿಟ್ಟಾಗ ನಿಜವಾದ ಜೋಡಿಗಳು ಅಪರಿಚಿತರ ಜೋಡಿಗಿಂತ ಚೆನ್ನಾಗಿ ನೆನಪಿಟ್ಟರು. ಆದರೆ "ಇದು ನೀನು, ಅದು ಅವಳು" ಎಂದು ಹೊರಗಿನಿಂದ ಹಂಚಿಕೆ ಹೇರಿದಾಗ ಫಲಿತಾಂಶ ತಿರುಗಿಬಿತ್ತು, ಅಪರಿಚಿತರೇ ಮುಂದಾದರು. ಹೊಸ ಹಂಚಿಕೆ ಮತ್ತು ಒಳಗೆ ಮೊದಲೇ ಇದ್ದ ಹಂಚಿಕೆ ಒಂದಕ್ಕೊಂದು ಅಡ್ಡ ಬಂದಿದ್ದವು.

ಅವು ಪ್ರೇಮಿಗಳ ಜೋಡಿಗಳು, ಕೊಟ್ಟದ್ದು ಪ್ರಯೋಗಾಲಯದ ಕೆಲಸ. ಅದನ್ನು ನೇರವಾಗಿ ಅಂಗಡಿಗೆ ತಂದು ಕೂರಿಸಲಾಗದು. ಆದರೂ ಅದು ತೋರಿಸುವ ದಾರಿ ಉಪಯೋಗಕ್ಕೆ ಬರುತ್ತದೆ. ಆದರ್ಶದ ಪಟ್ಟಿ ಬರೆಯುವ ಮುಂಚೆ, ಎರಡು ವಾರ ಈಗ ಯಾರು ಏನು ಮಾಡುತ್ತಿದ್ದೇವೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಅಂಗಡಿ ಕೆಲಸದ ಜೊತೆಗೆ ಮನೆ ಕೆಲಸವೂ ಅದರಲ್ಲಿ ಇರಲಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಅಂದರೆ ಹೆಂಡತಿ ಬೆಳಗ್ಗೆ ಅಂಗಡಿಗೆ ಬರುವ ಹೊತ್ತಿಗೆ ಒಂದು ಪಾಳಿ ಮುಗಿಸಿಯೇ ಬಂದಿರುತ್ತಾಳೆ. ಆ ಪಾಳಿಯನ್ನು ಪುಸ್ತಕಕ್ಕೆ ತಾರದೆ ಮಾಡುವ ಹಂಚಿಕೆ ಆರು ತಿಂಗಳೂ ಬಾಳುವುದಿಲ್ಲ.

ಹಂಚುವಾಗ ಕೆಲಸದ ತುಂಡುಗಳನ್ನು ಹಂಚುವ ಬದಲು ಜವಾಬ್ದಾರಿಯನ್ನು ಇಡಿಯಾಗಿ ಕೊಡುವುದು ಒಳ್ಳೆಯದು. "ನೀನು ಸಾಮಾನು ತಾ, ನಾನು ಬರೆದುಕೊಡುತ್ತೇನೆ" ಎಂದರೆ ಜೋಳ ಮುಗಿದ ದಿನ ತಪ್ಪು ಯಾರದ್ದು ಎಂಬ ವಾದ ಶುರುವಾಗುತ್ತದೆ. "ದಾಸ್ತಾನು ಪೂರ್ತಿ ನಿನ್ನದು" ಎಂದರೆ ನೋಡುವುದು, ಬರೆಯುವುದು, ತರಿಸುವುದು, ಕೆಟ್ಟ ಮಾಲು ವಾಪಸು ಮಾಡುವುದು ಎಲ್ಲವೂ ಒಬ್ಬರ ತಲೆಯಲ್ಲಿ ಇರುತ್ತದೆ.

ಈಗ ದುಡ್ಡಿಗೆ ಬರೋಣ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಂಡು ಲೆಕ್ಕವನ್ನು ಕೊನೆಯವರೆಗೆ ಮಾಡೋಣ. ದಾವಣಗೆರೆಯಲ್ಲಿ ಒಂದು ದಂಪತಿ ಜೋಳದ ರೊಟ್ಟಿ, ಚಟ್ನಿಪುಡಿ, ಹೋಳಿಗೆ ಮಾಡಿ ಮಾರುತ್ತಾರೆ. ಗಂಡ ತನ್ನ ಉಳಿತಾಯದ 2 ಲಕ್ಷ ಹಾಕಿದ್ದಾನೆ. ಹೆಂಡತಿ ತನ್ನ ಒಡವೆ ಅಡವಿಟ್ಟು 3 ಲಕ್ಷ ತಂದಿದ್ದಾಳೆ, ವರ್ಷಕ್ಕೆ ಶೇ 12ರ ಬಡ್ಡಿ, ಅಂದರೆ ತಿಂಗಳಿಗೆ 3,000. ವರ್ಷ ಕಳೆದ ಮೇಲೆ ಒಂದು ಒಳ್ಳೆಯ ತಿಂಗಳ ಮಾರಾಟ 2,40,000 ರೂಪಾಯಿ. ಕಚ್ಚಾ ಸಾಮಾನು ಮತ್ತು ಪ್ಯಾಕಿಂಗ್ 1,20,000. ಇಬ್ಬರು ಸಹಾಯಕಿಯರ ಕೂಲಿ 30,000. ಬಾಡಿಗೆ, ಗ್ಯಾಸ್, ಕರೆಂಟು 25,000. ಸಾಗಾಟ 10,000. ಬಡ್ಡಿಯನ್ನೂ ಕಳೆದರೆ ಕೈಯಲ್ಲಿ 52,000 ಉಳಿಯುತ್ತದೆ.

ಇದನ್ನು ಲಾಭ ಎಂದುಕೊಳ್ಳುವುದೇ ಮೊದಲ ತಪ್ಪು. ಹೆಂಡತಿ ಅಡುಗೆಕೋಣೆ ನೋಡಿಕೊಳ್ಳದಿದ್ದರೆ ಆ ಕೆಲಸಕ್ಕೆ ಒಬ್ಬರನ್ನು ಇಡಬೇಕಿತ್ತು, 20,000 ಎಂದಿಟ್ಟುಕೊಳ್ಳಿ. ಗಂಡ ಮಾಡುವ ಆರ್ಡರು, ಡೆಲಿವರಿ, ವಸೂಲಿಗೆ ಇನ್ನೊಬ್ಬರು, 18,000. ಈ 38,000 ಲಾಭವಲ್ಲ, ಇಬ್ಬರ ದುಡಿಮೆಯ ಕೂಲಿ. ನಿಜವಾದ ಲಾಭ 14,000 ಮಾತ್ರ. ಅದರಲ್ಲಿ 5,000 ಒಡವೆ ಸಾಲದ ಅಸಲಿಗೆ ಹೋಗಲಿ. ಉಳಿದ 9,000 ಮೊದಲ ವರ್ಷಗಳಲ್ಲಿ ಹಂಚಿಕೊಳ್ಳದೆ ವ್ಯಾಪಾರದ ಖಾತೆಯಲ್ಲಿಯೇ ಇರಲಿ.

ಯಾಕೆ ಎಂಬುದು ಆಷಾಢ ಬಂದಾಗ ತಿಳಿಯುತ್ತದೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೋಳಿಗೆ ಕೇಳುವವರಿಲ್ಲ. ಮಾರಾಟ 1,60,000ಕ್ಕೆ ಇಳಿಯಿತು ಎನ್ನಿ. ಸಾಮಾನು 80,000ಕ್ಕೆ ಇಳಿಯುತ್ತದೆ, ಸಾಗಾಟ 7,000, ಬಾಡಿಗೆ ಇತ್ಯಾದಿ 23,000. ಸಹಾಯಕಿಯರ ಕೂಲಿ ಮಾತ್ರ ಹಾಗೆಯೇ 30,000. ಬಡ್ಡಿ ಕಳೆದರೆ ಉಳಿಯುವುದು 17,000. ಇಬ್ಬರ ಕೂಲಿಗೆ ಬೇಕಾದ 38,000ಕ್ಕೆ 21,000 ಕಡಿಮೆ ಬಿತ್ತು. ತಿಂಗಳಿಗೆ 9,000ದಂತೆ ಮೂರು ಒಳ್ಳೆಯ ತಿಂಗಳು ತೆಗೆದಿಟ್ಟಿದ್ದರೆ ಈ ಹಳ್ಳ ತುಂಬುತ್ತದೆ, ಮೇಲೆ ಆರು ಸಾವಿರ ಉಳಿಯುತ್ತದೆ. ಆ ತಿಂಗಳ ಅಸಲಿನ ಕಂತೂ ಅದರಲ್ಲೇ ಮುಗಿಯುತ್ತದೆ. "ಒಂದೇ ಮನೆ ದುಡ್ಡು" ಎಂದು ಬೇಕಾದಾಗಲೆಲ್ಲ ಗಲ್ಲಾದಿಂದ ತೆಗೆದವರ ಮನೆಯಲ್ಲಿ ಆ ಮೂರು ತಿಂಗಳ 52,000 ಪೂರ್ತಿ ಖರ್ಚಾಗಿರುತ್ತದೆ, ಮನೆಯ ಖರ್ಚೂ ಅದೇ ಮಟ್ಟಕ್ಕೆ ಏರಿರುತ್ತದೆ. ಆಗ ಕೇಳಿಬರುವ ಮಾತು "ವ್ಯಾಪಾರ ಇಳಿದಿದೆ" ಎಂದಲ್ಲ, "ನೀನು ಜಾಸ್ತಿ ಖರ್ಚು ಮಾಡ್ತೀಯ" ಎಂದು.

ಆದ್ದರಿಂದ ಮೂರು ಖಾತೆ ಬೇಕು: ವ್ಯಾಪಾರಕ್ಕೆ ಒಂದು, ಇಬ್ಬರಿಗೂ ಒಂದೊಂದು. ಪ್ರತಿ ತಿಂಗಳು ಒಂದೇ ತಾರೀಖಿಗೆ ಗೊತ್ತುಮಾಡಿದ ಮೊತ್ತ ಇಬ್ಬರ ಖಾತೆಗೆ ಹೋಗಬೇಕು. ಅಲ್ಲಿಂದ ಮನೆಗೆ ಯಾರು ಎಷ್ಟು ಎಂಬುದು ಸಂಸಾರದ ವಿಷಯ, ಅದನ್ನು ಅಂಗಡಿ ಪುಸ್ತಕಕ್ಕೆ ತರಬೇಕಾಗಿಲ್ಲ. ಗಲ್ಲಾದಿಂದ ತರಕಾರಿಗೆಂದು ಇನ್ನೂರು ತೆಗೆದರೂ ಚೀಟಿ ಬರೆಯಲಿ. ಇದು ಅತಿಯಾಯಿತು ಎಂದು ಹೇಳುವವರಿದ್ದಾರೆ. ಆದರೆ ಚೀಟಿ ಇದ್ದಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿ ಬರುವುದಿಲ್ಲ.

ಒಡವೆಯ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಎಷ್ಟೋ ಸಣ್ಣ ವ್ಯಾಪಾರಗಳು ಹೆಂಡತಿಯ ಬಂಗಾರದ ಮೇಲೆ ನಿಂತಿವೆ, ಆದರೆ ಬಂಡವಾಳದ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಅದು ದಂಪತಿಯ ಜಂಟಿ ಆಸ್ತಿಯಾಗುವುದಿಲ್ಲ, ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಹಿಂತಿರುಗಿಸುವ ಹೊಣೆ ಅವನ ಮೇಲಿದೆ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿತು. ಕೋರ್ಟಿನ ಮಾತು ಹಾಗಿರಲಿ, ವ್ಯಾಪಾರದ ದೃಷ್ಟಿಯಿಂದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಈ 3 ಲಕ್ಷ ಬಂಡವಾಳವೋ, ಸಾಲವೋ? ಬಂಡವಾಳವಾದರೆ ಲಾಭದಲ್ಲಿ ಪಾಲು ಇರಬೇಕು, ನಷ್ಟದಲ್ಲೂ ಇರುತ್ತದೆ. ಸಾಲವಾದರೆ ಲಾಭ ಬರಲಿ ಬಿಡಲಿ ಅಸಲು ಮತ್ತು ಬಡ್ಡಿ ವಾಪಸು ಬರಬೇಕು. ನಮ್ಮ ಉದಾಹರಣೆಯಲ್ಲಿ ಬಡ್ಡಿಯನ್ನು ವ್ಯಾಪಾರವೇ ಕಟ್ಟುತ್ತಿದೆ, ಅಸಲೂ ಅಲ್ಲಿಂದಲೇ ತೀರುತ್ತಿದೆ, ಹಾಗಾಗಿ ಅದು ಸಾಲ. ತಿಂಗಳಿಗೆ 5,000ದಂತೆ ಕಟ್ಟಿದರೆ ಒಡವೆ ಬಿಡಿಸಲು 60 ತಿಂಗಳು ಬೇಕು, ಅಸಲು ಕರಗಿದಂತೆ ಉಳಿಯುವ ಬಡ್ಡಿಯನ್ನೂ ಸೇರಿಸಿದರೆ ಇನ್ನಷ್ಟು ಬೇಗ. ಈ ಅಂಕಿ ಮೊದಲೇ ಇಬ್ಬರ ಕಣ್ಣಿಗೂ ಬಿದ್ದಿದ್ದರೆ, ಎರಡನೇ ವರ್ಷ ತಂಗಿಯ ಮದುವೆಗೆ ಹಾಕಿಕೊಳ್ಳಲು ಸರ ಇಲ್ಲ ಎಂದಾಗ ಆಘಾತವಾಗುವುದಿಲ್ಲ.

ಇನ್ನು ಕಾನೂನು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪಾಲುದಾರಿಕೆ ಹುಟ್ಟುವುದು ಒಪ್ಪಂದದಿಂದ, ಸಂಬಂಧದಿಂದಲ್ಲ. ಮದುವೆಯಾದ ಮಾತ್ರಕ್ಕೆ ಗಂಡನ ಅಂಗಡಿಯಲ್ಲಿ ಹೆಂಡತಿ ಪಾಲುದಾರಳಾಗುವುದಿಲ್ಲ. (ಅದರ 5ನೇ ಸೆಕ್ಷನ್ನಿನಲ್ಲಿ ವ್ಯಾಪಾರ ಮಾಡುವ ಬರ್ಮಾದ ಬೌದ್ಧ ದಂಪತಿಗಳ ಹೆಸರೆತ್ತಿ, ಅವರೂ ಆ ಕಾರಣಕ್ಕೇ ಪಾಲುದಾರರಲ್ಲ ಎಂದು ಹೇಳಲಾಗಿದೆ. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗವಾಗಿತ್ತು.) ಒಪ್ಪಂದವಿದೆ, ಆದರೆ ವಿವರ ಬರೆದಿಲ್ಲ ಎಂದಾದರೆ ಕಾಯ್ದೆಯೇ ಖಾಲಿ ಜಾಗ ತುಂಬುತ್ತದೆ. ಅದು ತುಂಬುವ ರೀತಿ ನೋಡಿ: ಲಾಭ-ನಷ್ಟ ಸಮಪಾಲು, ದುಡಿಮೆಗೆ ಸಂಬಳ ಯಾರಿಗೂ ಇಲ್ಲ. ನಾವು ಮೇಲೆ ಲೆಕ್ಕ ಹಾಕಿದ 20,000 ಮತ್ತು 18,000 ಕಾಗದದಲ್ಲಿ ಬರೆಯದಿದ್ದರೆ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಪಾಲುದಾರಿಕೆ ಪತ್ರದಲ್ಲಿ ಅದನ್ನು ನಮೂದಿಸಿದರೆ ಮಾತ್ರ ಆದಾಯ ತೆರಿಗೆಯಲ್ಲೂ ಮಿತಿಯೊಳಗೆ ಅದನ್ನು ಸಂಸ್ಥೆಯ ಖರ್ಚಾಗಿ ತೋರಿಸಬಹುದು.

ವಾಸ್ತವದಲ್ಲಿ ಹೆಚ್ಚಿನವರು ಪಾಲುದಾರಿಕೆಯನ್ನೂ ಮಾಡುವುದಿಲ್ಲ. ಒಬ್ಬರ ಹೆಸರಿನಲ್ಲಿ ನೋಂದಣಿ, ಒಬ್ಬರ ಹೆಸರಿನಲ್ಲಿ ಕರೆಂಟ್ ಅಕೌಂಟ್, ಇಬ್ಬರ ದುಡಿಮೆ. ಇಲ್ಲಿ ಒಂದು ಸಿಕ್ಕು ಇದೆ. ಗಂಡನ ಒಡೆತನದ ವ್ಯಾಪಾರದಿಂದ ಹೆಂಡತಿಗೆ ಸಂಬಳ ಕೊಟ್ಟರೆ, ಅದಕ್ಕೆ ತಕ್ಕ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಅವಳಿಗಿದ್ದು ಆ ಆದಾಯ ಅದರಿಂದಲೇ ಬಂದದ್ದಾಗಿರದಿದ್ದರೆ, ತೆರಿಗೆ ಲೆಕ್ಕದಲ್ಲಿ ಆ ಸಂಬಳವನ್ನು ಗಂಡನ ಆದಾಯಕ್ಕೇ ಸೇರಿಸಲಾಗುತ್ತದೆ. ವ್ಯಾಪಾರ ಹೆಂಡತಿಯದಾಗಿ ಸಂಬಳ ಗಂಡನಿಗೆ ಹೋದರೂ ಇದೇ ನಿಯಮ. 1961ರ ಆದಾಯ ತೆರಿಗೆ ಕಾಯ್ದೆಯ 64ನೇ ಸೆಕ್ಷನ್ನಿನಿಂದ ನಡೆದುಬಂದ ನಿಯಮ ಇದು. "ಹಾಗಾದರೆ ಸಂಬಳ ತೋರಿಸಿ ಏನು ಪ್ರಯೋಜನ" ಎಂದು ಅದನ್ನು ಕೈಬಿಡುತ್ತಾರೆ. ಪರಿಣಾಮವಾಗಿ ಹತ್ತು ವರ್ಷ ದುಡಿದ ಹೆಂಡತಿ ಬ್ಯಾಂಕಿಗೆ ಹೋಗಿ ತನ್ನ ಹೆಸರಲ್ಲಿ ಸಾಲ ಕೇಳಿದರೆ ತೋರಿಸಲು ಅವಳ ಬಳಿ ಒಂದು ಕಾಗದವೂ ಇರುವುದಿಲ್ಲ. ತೆರಿಗೆಯ ಅನುಕೂಲ ಒಂದು ವಿಷಯ, ಅವಳ ಆದಾಯಕ್ಕೆ ದಾಖಲೆ ಇರುವುದು ಇನ್ನೊಂದು. ಎರಡನ್ನೂ ಒಬ್ಬ ಆಡಿಟರ್ ಮುಂದಿಟ್ಟು ಕೇಳಬೇಕು, ಇಬ್ಬರೂ ಒಟ್ಟಿಗೆ ಹೋಗಿ.

ತೀರ್ಮಾನಗಳ ವಿಷಯದಲ್ಲಿ ಅದೇ ಕಾಯ್ದೆ ಇನ್ನೊಂದು ಕುತೂಹಲದ ಮಾತು ಹೇಳುತ್ತದೆ. ದಿನನಿತ್ಯದ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತದಂತೆ ನಡೆಯಬೇಕು, ವ್ಯಾಪಾರದ ಸ್ವರೂಪವನ್ನೇ ಬದಲಿಸಲು ಎಲ್ಲರ ಒಪ್ಪಿಗೆ ಬೇಕು. ಮೂರು ಜನರಿದ್ದಾಗ ಇದು ಸರಿ. ಇಬ್ಬರೇ ಇದ್ದಾಗ ಬಹುಮತ ಎಂಬುದೇ ಇಲ್ಲ. ಒಂದಕ್ಕೆ ಒಂದು. ಅಲ್ಲಿಂದ ಮುಂದೆ ಯಾರ ದನಿ ದೊಡ್ಡದೋ ಅವರದ್ದು ನಡೆಯುತ್ತದೆ, ಅಥವಾ ಯಾರು ಮೊದಲು ಸುಸ್ತಾಗುತ್ತಾರೋ ಅವರು ಬಿಟ್ಟುಕೊಡುತ್ತಾರೆ.

ನಮ್ಮ ರೊಟ್ಟಿ ದಂಪತಿಗೇ ಬರೋಣ. ಅವರು ಒಂದು ಗೆರೆ ಹಾಕಿಕೊಂಡಿದ್ದಾರೆ ಎನ್ನಿ. ಅಡುಗೆಕೋಣೆಯ ವಿಷಯ, ಅಂದರೆ ಯಾವ ಜೋಳ, ಎಷ್ಟು ಖಾರ, ಸಹಾಯಕಿಯರ ರಜೆ, ಇವು ಹೆಂಡತಿಯ ತೀರ್ಮಾನ. ದರ, ಗಿರಾಕಿ, ಉದ್ದರಿ ಕೊಡುವುದು ಗಂಡನ ತೀರ್ಮಾನ. 10,000ಕ್ಕಿಂತ ಹೆಚ್ಚಿನ ಖರ್ಚು, ಸಾಲ, ಬಾಡಿಗೆ ಕರಾರು, ನೆಂಟರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು, ಇವಕ್ಕೆ ಇಬ್ಬರೂ ಹೂಂ ಎನ್ನಬೇಕು. ಇಬ್ಬರೂ ಹೂಂ ಎನ್ನುವವರೆಗೆ ಇದ್ದದ್ದು ಇದ್ದಂತೆ ಇರುತ್ತದೆ.

ಈಗ ಗಂಡ 1,80,000 ರೂಪಾಯಿಯ ರೊಟ್ಟಿ ಯಂತ್ರ ನೋಡಿ ಬಂದಿದ್ದಾನೆ.

"ದಿನಕ್ಕೆ ನಾಲ್ಕುಪಟ್ಟು ರೊಟ್ಟಿ ಮಾಡ್ಬಹುದು, ನೋಡು."

"ಮಾಡ್ಬಹುದು ರೀ, ಆದ್ರೆ ಜನ ನಮ್ಮ ಹತ್ರ ಬರೋದೇ ಕೈಯಲ್ಲಿ ಬಡಿದ ರೊಟ್ಟಿಗೆ ಅಂತ."

ಇಬ್ಬರದ್ದೂ ಅಂದಾಜು. ಈ ವಾದ ರಾತ್ರಿ ಹನ್ನೊಂದಕ್ಕೂ ಮುಗಿಯುವುದಿಲ್ಲ, ಏಕೆಂದರೆ ಮುಗಿಸಲು ಬೇಕಾದ ಸಂಗತಿ ಇಬ್ಬರ ಬಳಿಯೂ ಇಲ್ಲ. ಇಂಥಲ್ಲಿ ಯಾರು ಸರಿ ಎಂಬುದಕ್ಕಿಂತ, ಏನು ಗೊತ್ತಾದರೆ ನೀನು ಮನಸ್ಸು ಬದಲಿಸುತ್ತೀ ಎಂಬ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. ಯಂತ್ರವಿರುವ ಬೇರೆ ಘಟಕದಿಂದ ಮೂವತ್ತು ಪೊಟ್ಟಣ ರೊಟ್ಟಿ ತರಿಸಿ, ಯಂತ್ರದ್ದು ಎಂದು ಹೇಳಿಯೇ ಖಾಯಂ ಗಿರಾಕಿಗಳಿಗೆ ಕಡಿಮೆ ದರಕ್ಕೆ ಕೊಡಿ. ಎರಡನೇ ಸಲ ಕೇಳಿ ಬಂದವರು ಎಷ್ಟು ಎಂದು ಎಣಿಸಿ. ಹದಿನೈದು ಮಂದಿಗಿಂತ ಹೆಚ್ಚಿದ್ದರೆ ಯಂತ್ರದ ಮಾತು ಮುಂದುವರಿಯಲಿ, ಕಡಿಮೆಯಾದರೆ ಒಂದು ವರ್ಷ ಆ ವಿಷಯ ಎತ್ತುವುದು ಬೇಡ. ಈ ಹದಿನೈದು ಎಂಬ ಸಂಖ್ಯೆಯನ್ನು ಪೊಟ್ಟಣ ಹಂಚುವ ಮುಂಚೆಯೇ ಬರೆದಿಡಬೇಕು. ಆಮೇಲೆ ಬರೆದರೆ ಫಲಿತಾಂಶ ನೋಡಿ ಗೆರೆ ಸರಿಸುತ್ತೇವೆ, ಅದು ಮನುಷ್ಯ ಸ್ವಭಾವ. ಹೀಗೆ ಪರೀಕ್ಷೆ ಮಾಡಲಾಗದ ವಿಷಯಗಳೂ ಇವೆ, ಅಂಗಡಿಯ ಜಾಗ ಬದಲಿಸುವಂಥವು. ಅಂಥವಕ್ಕೆ ಮೂರನೆಯವರೊಬ್ಬರ ಮಾತು ಕೇಳುತ್ತೇವೆ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಅವರು ಇಬ್ಬರ ತವರಿನವರೂ ಆಗಿರಬಾರದು. ಅತ್ತೆಯ ತೀರ್ಪನ್ನು ಸೊಸೆ, ಮಾವನ ತೀರ್ಪನ್ನು ಅಳಿಯ ಬರೀ ವ್ಯಾಪಾರದ ತೀರ್ಪಾಗಿ ಸ್ವೀಕರಿಸುವುದು ಕಷ್ಟ.

ಗೆರೆ ಅಳಿಸಿಹೋಗುತ್ತಿದೆ ಎಂದು ತಿಳಿಯುವುದು ಹೇಗೆ? ಮೊದಲ ಸೂಚನೆ ಬರುವುದು ಹೆಚ್ಚಾಗಿ ಕೆಲಸದವರಿಂದ. "ಅಮ್ಮ ಬೇಡ ಅಂದ್ರು, ಸಾರ್ ರಜೆ ಕೊಟ್ರು" ಎಂಬ ಮಾತು ಒಮ್ಮೆ ಕೇಳಿತೆಂದರೆ, ಯಾರ ಬಳಿ ಏನು ಕೇಳಿದರೆ ನಡೆಯುತ್ತದೆ ಎಂಬುದನ್ನು ಅವರು ಆಗಲೇ ಕಲಿತಿದ್ದಾರೆ ಎಂದರ್ಥ. ಇನ್ನೊಂದು ಸೂಚನೆ ಬಿಲ್ಲು ಮುಚ್ಚಿಡುವುದು. ಕೇಳಿದರೆ ರಂಪವಾಗುತ್ತದೆ ಎಂದು ನಾನೂರು ರೂಪಾಯಿಯ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದು ಜೋರು ಜಗಳಕ್ಕಿಂತ ಹೆಚ್ಚು ಚಿಂತೆಯ ವಿಷಯ. ಮೂರನೆಯದು, ಊಟದ ಹೊತ್ತು, ಮಕ್ಕಳ ಎದುರು, ಮಲಗುವ ಹೊತ್ತು ಎಲ್ಲ ಕಡೆ ವಸೂಲಿಯದ್ದೇ ಮಾತು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಪುಸ್ತಕ ಮುಂದಿಟ್ಟುಕೊಂಡು ಕೂತರೆ, ಬೇರೆ ಹೊತ್ತಿನಲ್ಲಿ "ಇದನ್ನು ಸೋಮವಾರ ನೋಡೋಣ" ಎನ್ನಲು ಒಂದು ಜಾಗ ಸಿಗುತ್ತದೆ.

ಕೊನೆಗೆ, ಯಾರೂ ಬರೆಯಲು ಇಷ್ಟಪಡದ ಕಲಮು. ಒಬ್ಬರಿಗೆ ಸಾಕಾಯಿತು, ಅಥವಾ ಒಬ್ಬರು ತೀರಿಕೊಂಡರು ಎಂದರೆ ಏನು? ಇಬ್ಬರೇ ಇರುವ ಪಾಲುದಾರಿಕೆಯಲ್ಲಿ ಒಬ್ಬರು ಹೋದರೆ ಸಂಸ್ಥೆಯೇ ಉಳಿಯುವುದಿಲ್ಲ, ಪಾಲುದಾರಿಕೆಗೆ ಕನಿಷ್ಠ ಇಬ್ಬರು ಬೇಕು. ಹಾಗಾಗಿ ಬ್ಯಾಂಕ್ ಖಾತೆಯ ನಾಮನಿರ್ದೇಶನ, ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ, ಲೈಸೆನ್ಸ್ ಯಾರದ್ದು, ಪೊಟ್ಟಣದ ಮೇಲಿನ ಹೆಸರು ಯಾರಿಗೆ ಸೇರಿದ್ದು, ಚಟ್ನಿಪುಡಿಯ ಅಳತೆ ಎಲ್ಲಿ ಬರೆದಿದೆ, ಇವಿಷ್ಟು ಒಂದು ಹಾಳೆಯಲ್ಲಿ ಇರಬೇಕು. ಸಾಕಾಯಿತು ಎನ್ನುವವರಿಗೆ ಎಷ್ಟು ತಿಂಗಳ ಮುಂಚೆ ಹೇಳಬೇಕು, ಹಾಕಿದ ಹಣ ಎಷ್ಟು ಕಂತಿನಲ್ಲಿ ವಾಪಸು ಎಂಬುದೂ ಅಲ್ಲೇ ಇರಲಿ. ಆ ಹಾಳೆಯನ್ನು ಬರೆಯಲು ಒಳ್ಳೆಯ ಸಮಯ ವ್ಯಾಪಾರ ಚೆನ್ನಾಗಿರುವ ಒಂದು ತಿಂಗಳು, ಆಷಾಢಕ್ಕೆ ಮುಂಚೆ.